ನಲವತ್ತು ದಿನದ ಟ್ಯೂಬು

ಸೇಡಂ ಬಜಾರದಲ್ಲಿ ಮಣಿಯಾರ ಬಿಬಿಜಾನ್‌ಳ ಬಳೆ ಅಂಗಡಿ ಎಂದರೆ ಗಂಡಸರು ಒಳಗೆ ಕಾಲಿಡದ ಜಾಗ. ಎತ್ತರದ ಕಟ್ಟೆ, ಅದರ ಮೇಲೊಂದು ಜಮಖಾನೆ, ಗೋಡೆಗೆ ಬಡಿದ ಗೂಟಗಳಲ್ಲಿ ಸರ ಸರವಾಗಿ ತೂಗುವ ಗಾಜಿನ ಬಳೆ. ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ರಿಬ್ಬನ್ನು, ಪಿನ್ನು, ಪೌಡರು, ಸ್ನೋ, ಕಾಡಿಗೆ ಡಬ್ಬಿ. ಗಂಡ ಬಾಬುಮಿಯಾ ತಿಂಗಳಿಗೊಮ್ಮೆ ಪ್ಯಾಸೆಂಜರ್ ಗಾಡಿ ಹತ್ತಿ ಹೈದರಾಬಾದಿಗೆ ಹೋಗಿ ಮಾಲು ತರುತ್ತಿದ್ದ. ಮಾರುವುದು, ತೊಡಿಸುವುದು, ಹೆಂಗಸರ ಮಾತು ಕೇಳುವುದು ಎಲ್ಲ ಬಿಬಿಜಾನ್‌ಳದು.

ಅವಳ ಕೈಗುಣ ದೊಡ್ಡದು. ಎಂಥ ಒರಟು ಕೈಯಿದ್ದರೂ ಹೆಬ್ಬೆರಳಿನ ಬುಡ ಒತ್ತಿ, ಮಾತಿಗೆಳೆದು, ಬಂದವರು ನಗುವಷ್ಟರಲ್ಲಿ ಬಳೆ ಮಣಿಕಟ್ಟು ಸೇರಿರುತ್ತಿತ್ತು. ಇಪ್ಪತ್ತೈದು ವರ್ಷ ಹೀಗೆ ಕೈ ಹಿಡಿದು ಹಿಡಿದು, ಸುತ್ತಲ ಹಳ್ಳಿಗಳಲ್ಲಿ ಯಾವ ಮನೆಯ ಹುಡುಗಿಯನ್ನು ಯಾರು ನೋಡಿ ಹೋದರು, ಯಾಕೆ ಒಲ್ಲೆ ಅಂದರು ಎನ್ನುವುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಒಲ್ಲೆ ಅಂದವರು ಕಾರಣ ಹೇಳುವುದಿಲ್ಲ. ಆದರೆ ಕಾರಣ ಮನೆಯವರಿಗೆ ತಿಳಿಯದೆ ಇರುವುದೂ ಇಲ್ಲ. ಬಿಬಿಜಾನ್ ತಾನೂ ಕಪ್ಪು ಹೆಂಗಸೇ. ಮದುವೆಯಾಗಿ ಬಂದ ಮೊದಲ ವರ್ಷವಿಡೀ ಅತ್ತೆ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ, 'ಕಾಲಿ', ಕರಿಯಳು, ಅಂದೇ ಕರೆದದ್ದು. ಅದನ್ನು ಅವಳು ಯಾರೆದುರೂ ಆಡುತ್ತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಶ್ರಾವಣದಲ್ಲಿ ಹೊಸದೊಂದು ಕೇಳಿಕೆ ಶುರುವಾಯಿತು. ಟಾಕೀಸಿನಲ್ಲಿ ಆಟ ಆರಂಭವಾಗುವ ಮೊದಲು ಬೆಳ್ಳಗಾಗುವ ಕ್ರೀಮಿನ ಜಾಹೀರಾತು ತೋರಿಸುತ್ತಿದ್ದರಂತೆ. ನಲವತ್ತು ದಿನ ಹಚ್ಚಿದರೆ ಬಣ್ಣ ತಿರುಗುತ್ತದೆ ಅಂತ ಅದರ ಮಾತು. ಹೆಂಗಸರು ಅದರ ಹೆಸರನ್ನು ನೆನಪಿಟ್ಟುಕೊಳ್ಳಲಿಲ್ಲ. ಬಂದು ಕೇಳುವಾಗ ದನಿ ತಗ್ಗಿಸಿ, "ಚಾಚಿ, ಆ ನಲವತ್ತು ದಿನದ ಟ್ಯೂಬು ಅದ ಏನು?" ಅನ್ನುತ್ತಿದ್ದರು. ಇಲ್ಲ ಅಂದರೆ ಬಳೆಯನ್ನೂ ಕೊಳ್ಳದೆ ಎದ್ದು ಹೋಗುತ್ತಿದ್ದರು.

ಗುಲಬರ್ಗಾದಿಂದ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬರುವ ಏಜೆಂಟ ಆ ಸಲ ಪೌಡರು, ಸ್ನೋ ಜೊತೆಗೆ ಆ ಟ್ಯೂಬೂ ತಂದಿದ್ದ. ಗೋಡೆಗೆ ತೂಗುಹಾಕಲು ಒಂದು ರಟ್ಟಿನ ಚಿತ್ರವನ್ನೂ ಕೊಟ್ಟ. ಅದರಲ್ಲಿ ಒಬ್ಬಳೇ ಹುಡುಗಿಯ ಮುಖ ಸಾಲಾಗಿ ಮೂರು ಸಲ, ಎಡದಿಂದ ಬಲಕ್ಕೆ ಬೆಳ್ಳಗಾಗುತ್ತ ಹೋದದ್ದು.

ಬಿಬಿಜಾನ್ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. "ಇದರಾಗ ಮೊದಲನೇ ಮುಖಕ್ಕ ದೀಪ ಕಡಿಮಿ ಇಟ್ಟಾರ, ಕಡೀ ಮುಖಕ್ಕ ಜಾಸ್ತಿ ಇಟ್ಟಾರ. ನೆರಳು ನೋಡ್ರಿ ನೀವ."

ಏಜೆಂಟ ನಕ್ಕ. "ಚಾಚಿ, ನೀವು ಭಾಳ ಶಾಣ್ಯಾರಿದ್ದೀರಿ. ಆದರ ಕೊಳ್ಳಾರು ನೆರಳು ನೋಡಂಗಿಲ್ಲ. ಒಂದು ಡಜನ್ ಇಟ್ಟು ನೋಡ್ರಿ."

"ಖರೇನ ಬಣ್ಣ ತಿರಗತದ ಏನು?"

"ಕಂಪನಿಯವರು ಹೇಳ್ತಾರ. ನಾ ಹಚ್ಚಿ ನೋಡಿಲ್ಲ."

ಅವಳು ಡಜನ್ ತೆಗೆದುಕೊಳ್ಳಲಿಲ್ಲ. ಒಂದೇ ಟ್ಯೂಬು ಕೊಂಡಳು. ಅವನು ಹೋದ ಮೇಲೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರು ಸಾಲಿನ ಅಂಬಾರಾಯನ ಮೆಡಿಕಲ್ ಅಂಗಡಿಗೆ ಹೋದಳು. ಅಂಬಾರಾಯ ಔಷಧದ ವಿದ್ಯೆ ಓದಿ ಬಂದವನು, ಕನ್ನಡಕ ಹಾಕಿಕೊಂಡು ಚೀಟಿ ಓದುವ ಮನುಷ್ಯ, ಸುಳ್ಳಾಡುವ ಜಾತಿಯವನಲ್ಲ. ಅವನು ಪೆಟ್ಟಿಗೆಯನ್ನು ಹೊರಳಿಸಿ ಹೊರಳಿಸಿ ಇಂಗ್ಲಿಷಿನಲ್ಲಿದ್ದ ಸಣ್ಣಕ್ಷರ ಓದಿದ.

"ಚಾಚಿ, ಹುಟ್ಟು ಬಣ್ಣ ಚರ್ಮದೊಳಗ ಇರ್ತದ. ಮ್ಯಾಲೆ ಹಚ್ಚೋ ಇಂಥಾದು ಅದನ್ನ ತಿರಗಿಸೋದಿಲ್ಲ. ಬಿಸಲಿಗೆ ಕಪ್ಪಾಗಿದ್ದರ, ಬಿಸಲು ಬಿಟ್ಟು ಮನ್ಯಾಗ ಕುಂತರ ಒಂದಿಷ್ಟು ತಿಳಿ ಆಗ್ತದ. ಅದು ಈ ಟ್ಯೂಬು ಇಲ್ಲದಿದ್ದರೂ ಆಗ್ತದ. ಇಲ್ಲಿ ನೋಡ್ರಿ, ಅವರ ಬರದಾರ, ಇದನ್ನ ಹಚ್ಚುವಾಗ ಬಿಸಲಾಗ ತಿರಗಬಾರದು ಅಂತ."

"ತೊಗರಿ ಹೊಲಕ್ಕ ಹೋಗೋ ಹುಡಿಗ್ಯಾರು ಬಿಸಲು ಎಲ್ಲಿ ಬಿಡಬೇಕು?"

"ಅದಕ್ಕ ಸಣ್ಣ ಅಕ್ಷರದಾಗ ಬರದಾರ."

"ಹಚ್ಚಿದರ ಕೇಡು ಏನರ ಅದ?"

"ಇದರಾಗ ಅಂಥ ಕೇಡು ಏನೂ ಕಾಣಂಗಿಲ್ಲ. ಕೆಲವರಿಗೆ ಉರಿ ಬರ್ತದ, ಅವರು ಬಿಡಬೇಕು. ಆದರ ಹೇಳಿದಷ್ಟು ಆಗಂಗಿಲ್ಲ. ನಾನೂ ಇಟ್ಟಿಲ್ಲ. ದಿನಾ ನಾಕು ಮಂದಿ ಕೇಳ್ತಾರ, ಎಷ್ಟು ದಿನ ಇಡದೇ ಇರ್ತೀನೋ ಗೊತ್ತಿಲ್ಲ."

ಒಬ್ಬರ ಮಾತಿನ ಮೇಲೆ ನಿಲ್ಲುವ ಹೆಂಗಸಲ್ಲ ಅವಳು. ಮರುದಿನದಿಂದ ತನ್ನ ಎಡಗೈಯ ಮುಂಗೈಗೆ ಎರಡು ಹೊತ್ತೂ ಟ್ಯೂಬು ಹಚ್ಚತೊಡಗಿದಳು. ಬಲಗೈ ಹಾಗೇ ಬಿಟ್ಟಳು. ಅಂಗಡಿಯ ನೆರಳಲ್ಲೇ ದಿನವೆಲ್ಲ ಕೂರುವವಳು, ಬಿಸಿಲಿನ ಮಾತೇ ಇರಲಿಲ್ಲ. ಸುದ್ದಿ ಹಬ್ಬಿತು. ಬಳೆಗೆ ಬಂದ ಹೆಂಗಸರು ಮೊದಲು ಅವಳ ಎರಡೂ ಕೈ ಜೋಡಿಸಿ ನೋಡಿ, ಆಮೇಲೆ ತಮ್ಮ ಕೈ ಚಾಚುತ್ತಿದ್ದರು. ಇಪ್ಪತ್ತನೇ ದಿನಕ್ಕೆ ಕೆಲವರಿಗೆ ಎಡಗೈ ತುಸು ತಿಳಿಯಾದಂತೆ ಕಂಡಿತು, ಕೆಲವರಿಗೆ ಬಲಗೈಯೇ ತಿಳಿಯಾಗಿ ಕಂಡಿತು. ಒಂದು ಟ್ಯೂಬು ಮುಗಿದು, ಏಜೆಂಟನಿಂದ ಮತ್ತೆ ಕೊಂಡ ಎರಡನೆಯದು ಅರ್ಧವಾದಾಗ ನಲವತ್ತು ದಿನ ತುಂಬಿತು. ಎಡಗೈ ನಯವಾಗಿತ್ತು. ಬಣ್ಣ ಎರಡಕ್ಕೂ ಒಂದೇ.

"ನೋಡ್ರಿ, ನನ್ನ ಕೈ ಸಾಕ್ಷಿ," ಎಂದು ಅವಳು ಬಂದವರಿಗೆಲ್ಲ ಎರಡೂ ಕೈ ಮುಂದೆ ಮಾಡಿದಳು.

ಯಾರೂ ಒಪ್ಪಲಿಲ್ಲ. "ನಿಂಗ ವಯಸ್ಸಾಗ್ಯಾದ ಚಾಚಿ, ಮುದಿ ಚರ್ಮಕ್ಕ ಹತ್ತಂಗಿಲ್ಲ," ಅಂದಳೊಬ್ಬಳು. "ಇದು ಮುಖಕ್ಕ ಹಚ್ಚೋದು, ಕೈಗಲ್ಲ," ಅಂದಳು ಇನ್ನೊಬ್ಬಳು. ತಹಶೀಲ್ ಕಚೇರಿಯ ಗುಮಾಸ್ತನ ಹೆಂಡತಿ ಶಿವಕಾಂತಮ್ಮ ನೇರವಾಗಿಯೇ ಅಂದಳು, "ನಿಮಗ ಮಾರಲಿಕ್ಕಿ ಮನಸಿಲ್ಲ. ಬಡವರ ಮಕ್ಕಳು ಬೆಳ್ಳಗಾದರ ನಿಮಗೇನು ತ್ರಾಸು?"

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹೊಸ ಫ್ಯಾನ್ಸಿ ಅಂಗಡಿಯವನು ಅಂಥದೇ ರಟ್ಟಿನ ಚಿತ್ರವನ್ನು ಹೊರಗೇ ತೂಗುಹಾಕಿದ. ಟ್ಯೂಬಿಗೆ ಅಲ್ಲಿಗೆ ಹೋದವರು ಬಳೆಯನ್ನೂ ಅಲ್ಲೇ ತೊಟ್ಟುಕೊಳ್ಳತೊಡಗಿದರು. ಬಾಬುಮಿಯಾ ಗೂಟದಲ್ಲಿ ಕೂತೇ ಉಳಿದ ಬಳೆಗಳ ಧೂಳು ಒರೆಸುತ್ತ ಒಂದು ದಿನ ಹೇಳಿದ, "ನೀ ಇಡದಿದ್ದರ ಅವರು ಹಚ್ಚೋದು ಬಿಟ್ಟಾರೇನ? ಅಲ್ಲಿ ಕೊಂಡಾರ, ಅವನು ಏನೂ ಹೇಳದೆ ಕೊಟ್ಟಾನ. ಇಲ್ಲಿ ಕೊಂಡರ ನೀನರ ಖರೇ ಹೇಳಿ ಕೊಡ್ತಿ."

ಆ ಮಾತು ಅವಳಿಗೆ ಸರಿಯಾಗಿಯೇ ಕಂಡಿತು. ಮುಂದಿನ ಸಲ ಏಜೆಂಟ ಬಂದಾಗ ಒಂದು ಡಜನ್ ಇಳಿಸಿಕೊಂಡಳು. ಚಿತ್ರ ತೂಗುಹಾಕಲಿಲ್ಲ. ಕೇಳಿದವರಿಗೆ ಮಾತ್ರ ತೆಗೆದು ಕೊಡುವಳು, ಕೊಡುವಾಗ ಒಂದೇ ಮಾತು: "ನಯ ಆಗ್ತದ, ಬೆಳ್ಳಗಾಗಂಗಿಲ್ಲ. ಉರಿ ಬಂದರ ತೊಳದು ಬಿಡು." ಅವರು ಹೂಂ ಅನ್ನುವರು. ಹೂಂ ಅಂದು, ಟ್ಯೂಬನ್ನು ಕುಬಸದೊಳಗೆ ಸೇರಿಸಿಕೊಂಡು ಹೋಗುವರು.

ಸೇಡಂ ಸೀಮೆಯದೇ ಮುಧೋಳ ಹಳ್ಳಿಯ ಚಂದಮ್ಮ ಮಗಳು ಪೀರಮ್ಮನನ್ನು ಕರೆದುಕೊಂಡು ಬಂದದ್ದು ಆ ಚಳಿಗಾಲದಲ್ಲಿ. ಒಕ್ಕಲುತನದ ಮನೆ, ತಾಯಿ ಮಗಳು ಇಬ್ಬರೂ ಹೊಲಕ್ಕೆ ಹೋಗುವವರು. ಒಬ್ಬ ಮಗನಾದ ಮೇಲೆ ಮಕ್ಕಳು ಉಳಿಯದೆ ಊರ ಪೀರರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಆ ಹೆಸರು ಇಟ್ಟಿದ್ದರು. ಹತ್ತೊಂಬತ್ತರ ಹುಡುಗಿ, ಉದ್ದ ಮುಖ, ದೊಡ್ಡ ಕಣ್ಣು. ಮಾತು ಕಡಿಮೆ, ಆಡಿದರೆ ತೂಕದ್ದು. ಬಿಬಿಜಾನ್ ಅವಳಿಗೆ ಏಳನೇ ವಯಸ್ಸಿನಿಂದ ಬಳೆ ತೊಡಿಸಿದವಳು.

"ಮೂರು ಕಡಿಂದ ಬಂದು ನೋಡಿ ಹೋದರು ಬಿಬಿಜಾನವ್ವ," ಅಂದಳು ಚಂದಮ್ಮ. "ಮೂರನೇದವರು ಊಟಾನೂ ಮಾಡಲಿಲ್ಲ. ಬಣ್ಣ ಒಂದು ಬಿಟ್ಟು ನನ್ನ ಮಗಳಿಗೆ ಏನು ಕಮ್ಮಿ ಅದ?"

"ಬಣ್ಣಾನೂ ಕಮ್ಮಿ ಇಲ್ಲವ್ವ. ನೋಡೋ ಮಂದಿ ಕಣ್ಣು ಕಮ್ಮಿ ಅವ."

"ಅದನ್ನ ನಾ ನೀ ಅಂದರ ಏನು ಬಂತು? ಟ್ಯೂಬು ಕೊಡು. ಎರಡು ಕೊಡು."

ಬಿಬಿಜಾನ್ ತನ್ನ ಮಾತು ಹೇಳಿದಳು. ಎರಡೂ ಕೈ ತೋರಿಸಿದಳು. ಬಿಸಿಲಿನ ವಿಷಯವನ್ನೂ ಬಿಡಿಸಿ ಹೇಳಿದಳು. ಚಂದಮ್ಮ ಗೋಡೆಯ ಕಡೆ ನೋಡುತ್ತ ಕೇಳಿದಳು. ಪೀರಮ್ಮ ಮಾತ್ರ ಚಾಚಿಯ ಮುಖವನ್ನೇ ನೋಡುತ್ತಿದ್ದಳು. "ದಿನಕ್ಕ ಎರಡು ಸಲ ಅಲ್ಲೇನು ಚಾಚಿ? ಮುಖ ತೊಳಕೊಂಡು?" ಅಷ್ಟೇ ಅವಳು ಕೇಳಿದ್ದು. ಬಿಬಿಜಾನ್ ಕೊಟ್ಟಳು.

ಯುಗಾದಿ ಕಳೆದು ಪೀರಮ್ಮ ಒಬ್ಬಳೇ ಬಂದಳು. ಸಂತೆಗೆ ಬಂದ ಓಣಿಯ ಹೆಂಗಸರ ಜೊತೆ ಬಂದು, ಅವರನ್ನು ಅಲ್ಲೇ ಬಿಟ್ಟು ಬಂದಿದ್ದಳು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಬಳೆ ನೋಡುವ ನೆಪ ಮಾಡಿದಳು. ಚಿಮ್ಮನಚೋಡದಿಂದ ನಾಲ್ಕನೆಯ ಕಡೆಯವರೂ ಬಂದು ನೋಡಿ, ಹೋಗಿ ತಿಳಿಸುತ್ತೇವೆ ಅಂದವರು ಏನೂ ತಿಳಿಸಲಿಲ್ಲವಂತೆ.

"ನಾ ಹೇಳಿದ್ದೆ ಅಲ್ಲವ್ವ, ಅದು ಹುಸಿ ಅಂತ," ಅಂದಳು ಬಿಬಿಜಾನ್.

"ಹುಸಿ ಅಲ್ಲ ಚಾಚಿ. ತಪ್ಪು ನಂದು." ಪೀರಮ್ಮ ತಲೆ ಎತ್ತಲಿಲ್ಲ. "ನಡುವ ಹೊರಗಾದಾಗ ನಾಕು ದಿನ ಹಚ್ಚಲಿಲ್ಲ. ಆಮ್ಯಾಲ ತೊಗರಿ ಕಟಾವು ಬಂತು, ಬಿಸಲಾಗ ಹೋಗಬಾರದಿತ್ತು, ಹೋದೆ. ಲೆಕ್ಕ ತಪ್ಪಿತು. ನಲವತ್ತು ದಿನ ಸಾಲಾಗಿ ಆಗಲೇ ಇಲ್ಲ."

"ನನ್ನ ಕೈಗೆ ಸಾಲಾಗಿ ಆಯಿತಲ್ಲ."

"ನಿಮ್ಮದು ಬ್ಯಾರೆ. ನಮ್ಮ ಓಣಿ ಗೌಡರ ಸೊಸಿಗೆ ಆಗ್ಯಾದ."

"ಗೌಡರ ಸೊಸಿ ಬಾಣಂತಿ ಆಗಿ ಆರು ತಿಂಗಳು ಅಂಗಳಕ್ಕ ಇಳದಿಲ್ಲ."

"ನಾನೂ ಇಳೀದಿದ್ದರ ಆಗ್ತಿತ್ತು ಅಂದಂಗಾಯ್ತು." ಅವಳು ಎದ್ದು ನಿಂತಳು. "ಇನ್ನೊಂದು ಕೊಡ್ರಿ. ಈ ಸಲ ತಪ್ಪಿಸಂಗಿಲ್ಲ."

ಮಾಲು ಹುಸಿಯಾದರೆ ಕೊಂಡವರು ಬಂದು ಜಗಳ ಮಾಡುತ್ತಾರೆ, ಮುಖಕ್ಕೆ ಎಸೆದು ಹೋಗುತ್ತಾರೆ. ಅದು ಬಿಬಿಜಾನ್ ಕಂಡ ವ್ಯಾಪಾರ. ಬಣ್ಣ ಬಿಡುವ ರಿಬ್ಬನ್ನು ಕೊಟ್ಟು ಬೈಸಿಕೊಂಡಿದ್ದಳು. ಈ ಒಂದು ಮಾಲು ಮಾತ್ರ, ತಾನು ಸುಳ್ಳಾದರೂ ಕೊಂಡವಳನ್ನೇ ತಪ್ಪಿತಸ್ಥಳನ್ನಾಗಿ ಮಾಡಿ ಮತ್ತೆ ಅಂಗಡಿಗೆ ಕಳಿಸುತ್ತದೆ. "ಇಲ್ಲವ್ವ, ಖಾಲಿ ಆಗ್ಯಾವ," ಅಂದಳು. ಪೆಟ್ಟಿಗೆಯಲ್ಲಿ ಐದು ಇದ್ದವು. ಪೀರಮ್ಮನ ಕಣ್ಣು ಅವುಗಳ ಮೇಲೆ ಬಿದ್ದು ಹಿಂದಿರುಗಿತು. ಅವಳು ಕಟ್ಟೆ ಇಳಿದು ಹೋದಳು.

ಅಂದೇ ಬಿಬಿಜಾನ್ ಆ ಐದೂ ತೆಗೆದು ಏಜೆಂಟನಿಗೆ ಕಟ್ಟಿಟ್ಟಳು. ಅವನು ವಾಪಸು ತೆಗೆದುಕೊಳ್ಳಲಿಲ್ಲ. ಕಂಪನಿಯಲ್ಲಿ ಹಾಗೆ ಪದ್ಧತಿ ಇಲ್ಲ ಅಂದ. ತಿಪ್ಪೆಗೆ ಎಸೆದಳು. ಇನ್ನು ಇಡುವುದಿಲ್ಲ ಅಂದಳು. ಅದೇ ತಿಂಗಳು ಅಂಬಾರಾಯ ತನ್ನ ಮೆಡಿಕಲ್ಲಿನಲ್ಲಿ ಟ್ಯೂಬು ಇಡಲು ಶುರುಮಾಡಿದ. ಬಿಬಿಜಾನ್ ಎದುರಾದಾಗ ಕನ್ನಡಕ ಒರೆಸಿಕೊಳ್ಳುತ್ತ, "ತಲಿನೋವಿನ ಗುಳಿಗಿಗೂ ಆ ಫ್ಯಾನ್ಸಿ ಅಂಗಡಿಗೇ ಹೋಗಲಿಕತ್ತಿದ್ದರು ಚಾಚಿ," ಅಂದ. ಅವಳು ಅವನನ್ನು ಬೈಯಲಿಲ್ಲ.

ಮರುವರ್ಷದ ವೈಶಾಖದಲ್ಲಿ ಚಂದಮ್ಮನ ಮಗನ ಮದುವೆ ಬಂತು. ಮದುವೆ ಮನೆಗೆ ಹೋಗಿ ಬಳೆ ತೊಡಿಸುವುದು ಬಿಬಿಜಾನ್‌ಳ ಹಳೆಯ ರೂಢಿ. ಬುಟ್ಟಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಮುಧೋಳಕ್ಕೆ ಹೋದಳು. ಪಡಸಾಲೆಯಲ್ಲಿ ಕೂತು ಹೆಂಗಸರಿಗೆ ತೊಡಿಸುತ್ತಿರುವಾಗ ಪೀರಮ್ಮ ಒಳಗಿನಿಂದ ಬಂದು ಕೈ ಚಾಚಿದಳು. ಬಿಬಿಜಾನ್ ಕೈ ಹಿಡಿದು ಮುಖ ನೋಡಿ ಬೆಚ್ಚಿದಳು. ಮುಖ ಬೆಳ್ಳಗಿತ್ತು. ಕುತ್ತಿಗೆ, ಕೈ ಹಾಗೇ ಇದ್ದವು. ಮುಖ ಮಾತ್ರ ಬೇರೆಯವರದನ್ನು ತಂದು ಇಟ್ಟಂತೆ. ಮೂಗಿನ ಬದಿ ತೆಳ್ಳಗೆ ಹೊಳೆಯುತ್ತಿತ್ತು, ಕೆನ್ನೆ ಕೆಂಪಾಗಿತ್ತು. ಆದರೆ ಹುಡುಗಿ ನಗುತ್ತಿದ್ದಳು. ಹುಡುಗಿ ಹಾಗೆ ನಕ್ಕದ್ದನ್ನು ಬಿಬಿಜಾನ್ ಕಂಡು ವರ್ಷಗಳಾಗಿದ್ದವು.

"ನಿನ್ನ ಟ್ಯೂಬಿಗಿಂತ ಇದು ಛಲೋ ಅದ," ಅಂದಳು ಚಂದಮ್ಮ ಬಗ್ಗಿ, ಕಿವಿಯಲ್ಲಿ. "ನೀ ಕೊಡಲಿಲ್ಲ. ನನ್ನ ತಮ್ಮ ತಾಂಡೂರು ಸ್ಟೇಷನ್ ಹೊರಗ ಕುಂತು ಮಾರೋ ಒಬ್ಬನ ಹಂತೇಲಿಂದ ತಂದುಕೊಟ್ಟ. ಹದಿನೈದು ದಿನಕ್ಕ ತಿರಗಿತು. ಅಲ್ಲೇ ಒಂದು ಕಡಿ ಮಾತು ನಡದಾದ, ಬರೋ ಸೋಮವಾರ ನೋಡಲಿಕ್ಕಿ ಬರ್ತಾರ."

ಬಿಬಿಜಾನ್ ಡಬ್ಬಿ ತರಿಸಿ ನೋಡಿದಳು. ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣ ತಗಡಿನ ಡಬ್ಬಿ. ಮೇಲೆ ಹೆಸರಿಲ್ಲ, ಮಾಡಿದವರ ವಿಳಾಸವಿಲ್ಲ. ಒಳಗೆ ಬೂದಿ ಬೆರೆತಂಥ ಬಿಳಿ ಮುಲಾಮು. ತುಸು ತೆಗೆದು ಕಾಗದದಲ್ಲಿ ಕಟ್ಟಿಕೊಂಡು, ಸೇಡಂಗೆ ಬಂದವಳೇ ಅಂಬಾರಾಯನ ಮುಂದೆ ಇಟ್ಟಳು.

ಅವನು ಮೂಸಿ ನೋಡಿದ. "ಇದರಾಗ ಏನದ ಅಂತ ನಾ ಹೇಳಲಿಕ್ಕಿ ಬರಂಗಿಲ್ಲ. ಪಾದರಸ ಹಾಕಿ ಮಾಡೋರು ಅದಾರ, ಬ್ಯಾರೆ ಏನೇನೋ ಹಾಕೋರೂ ಅದಾರ. ಹದಿನೈದು ದಿನದಾಗ ಬಣ್ಣ ಬಿಡಿಸೋದು ಚರ್ಮ ತಿನ್ನದೇ ಬಿಡಿಸಂಗಿಲ್ಲ. ಪಾದರಸ ಇದ್ದರ ಒಳಗ ಇಳದು ಮೂತ್ರಪಿಂಡಕ್ಕೂ ಕೇಡು. ಬಿಡಸ್ರಿ ಮೊದಲು."

ಮರುದಿನ ಅಂಗಡಿ ಬಾಗಿಲು ಹಾಕಿಕೊಂಡು ಅವಳು ಮತ್ತೆ ಮುಧೋಳಕ್ಕೆ ಹೋದಳು. ಚಂದಮ್ಮ ಮದುವೆಯ ಪಾತ್ರೆ ತೊಳೆಯುತ್ತಿದ್ದವಳು ನಿಂತೇ ಕೇಳಿದಳು. "ಸೋಮವಾರ ಹೋಗಲಿ, ಬಿಡಸ್ತೀನಿ. ಆರು ದಿನದಾಗ ಏನಾಗ್ತದ?"

ಬಿಬಿಜಾನ್ ಪೀರಮ್ಮನನ್ನು ಕೊಟ್ಟಿಗೆಯ ಹತ್ತಿರ ಕರೆದು ಹೇಳಿದಳು. ಹುಡುಗಿ ಎಲ್ಲ ಕೇಳಿ ನಿಧಾನವಾಗಿ ಅಂದಳು, "ಉರಿ ಆಗ್ತದ ಚಾಚಿ. ಕೆಲವೊಮ್ಮಿ ಭಾಳ ಆಗ್ತದ. ಆದರ ನೀವು ಕೊಟ್ಟದ್ದು ಉರೀಲಿಲ್ಲ, ಹತ್ತಲೂ ಇಲ್ಲ. ಇದು ಹತ್ಯಾದ."

ಬಿಬಿಜಾನ್ ಅವಳ ಕೈ ಹಿಡಿದು, ಬಿಟ್ಟುಬಿಡು ಅಂತ ಕೇಳಿಕೊಂಡಳು. ಆ ಕೈ ಅವಳ ಕೈಯೊಳಗೆ ಹಾಗೇ ಇತ್ತು, ಹುಡುಗಿ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ, ಒಪ್ಪಲೂ ಇಲ್ಲ.

ಸೋಮವಾರ ಬರಬೇಕಾದವರು ಬುಧವಾರಕ್ಕೆ ಮುಂದೂಡಿದರು. ಮಂಗಳವಾರ ಪೀರಮ್ಮನ ಮುಖ ಊದಿತು. ಕೆನ್ನೆಯ ಚರ್ಮ ಸುಲಿದು ನೀರಾಡಿತು. ಎತ್ತಿನ ಗಾಡಿಯಲ್ಲಿ ರಸ್ತೆಗೆ ತಂದು, ಬಸ್ಸಿನಲ್ಲಿ ಸೇಡಂ ಸರ್ಕಾರಿ ದವಾಖಾನೆಗೆ ಕರೆತಂದರು. ಡಾಕ್ಟರು ಡಬ್ಬಿಯನ್ನು ನೋಡಿ, ಇದನ್ನು ಇನ್ನೊಮ್ಮೆ ಮುಟ್ಟಕೂಡದು ಅಂದರು. ಮುಲಾಮು, ಗುಳಿಗೆ ಬರೆದುಕೊಟ್ಟು, ಮೂತ್ರ ಪರೀಕ್ಷೆ ಮಾಡಿಸಿದರು. ಮೂತ್ರದಲ್ಲಿ ದೋಷವೇನೂ ಕಾಣಲಿಲ್ಲ, ಅದೊಂದು ಪುಣ್ಯ. ಮೂರು ತಿಂಗಳು ಬಿಸಿಲಿಗೆ ಬೀಳಬಾರದು, ಕಲೆ ಎಷ್ಟು ಹೋಗುತ್ತದೋ ಹೇಳಲಾಗದು ಅಂದರು.

ದವಾಖಾನೆಯ ಬೇವಿನ ಗಿಡದ ಕೆಳಗೆ ಬಿಬಿಜಾನ್ ಗಂಜಿ ತಂದು ಇಟ್ಟಳು. ಚಂದಮ್ಮ ಅದನ್ನು ಮುಟ್ಟಲಿಲ್ಲ. ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಅಂದಳು, "ಅವತ್ತು ಪೆಟಗ್ಯಾಗ ಐದು ಇದ್ದವಂತ. ನೀ ಇಲ್ಲ ಅಂದಿ. ಅದನ್ನ ಕೊಟ್ಟಿದ್ದರ ಅಕಿ ಅದನ್ನೇ ಹಚ್ಚಿಕೋತ ಇರ್ತಿದ್ದಳು. ಬೆಳ್ಳಗ ಆಗ್ತಿರಲಿಲ್ಲ, ಸುಡ್ತಿರಲೂ ಇಲ್ಲ."

ಬಿಬಿಜಾನ್ ಕೊಟ್ಟಾಗ ಸುಳ್ಳು ಕೊಟ್ಟಂತಾಯಿತು. ಕೊಡದಾಗ ಇದಾಯಿತು. ಹೇಳಿದ್ದನ್ನು ಯಾರೂ ಕೇಳಲಿಲ್ಲ. ಅವಳು ಗಂಜಿಯ ಪಾತ್ರೆಗೆ ನೊಣ ಕೂರದಂತೆ ಸೆರಗು ಬೀಸುತ್ತ ಕೂತಳು.

ಆ ಮಳೆಗಾಲದಲ್ಲಿ ಅವಳು ಮತ್ತೆ ಟ್ಯೂಬು ಇಟ್ಟಳು. ಅದು ಸರಿಯೆಂದು ಅವಳಿಗೆ ಅನ್ನಿಸಲಿಲ್ಲ; ಬೇರೆ ದಾರಿ ತೋಚಲಿಲ್ಲ, ಅಷ್ಟೇ. ಹೇಳುವ ಮಾತಿಗೆ ಇನ್ನೊಂದು ಸೇರಿತು: "ಹೆಸರಿಲ್ಲದ ಡಬ್ಬಿ ಮಾತ್ರ ಮುಟ್ಟಬ್ಯಾಡ." ಮುಧೋಳದ ಹುಡುಗಿಯ ಕತೆಯನ್ನು ಹೆಸರು ಹೇಳದೆ ಹೇಳುತ್ತಿದ್ದಳು. ಕೆಲವರು ಬೆದರುತ್ತಿದ್ದರು. ಒಬ್ಬಿಬ್ಬರು ಮಾತ್ರ, ಆ ಡಬ್ಬಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಅಂದಿನಿಂದ ಹುಡುಗಿಯ ಊರಿನ ಹೆಸರನ್ನೂ ಬಿಟ್ಟಳು.

ಪೀರಮ್ಮನ ಕಲೆ ವರ್ಷ ಕಳೆದಂತೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಎರಡೂ ಕೆನ್ನೆಯ ಮೇಲೆ ಬೂದು ಬಣ್ಣದ ನೆರಳು ಉಳಿಯಿತು. ಎಂಬತ್ಮೂರರಲ್ಲಿ ಅವಳ ಲಗ್ನವಾಯಿತು. ವಾಡಿಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದ ಶರಣಬಸಪ್ಪ ಎಂಬ ವಿಧುರ. ಎರಡು ವರ್ಷದ ಒಂದು ಕೂಸು ಇತ್ತು. ಒಳ್ಳೆಯ ಮನುಷ್ಯ ಅಂತ ಚಂದಮ್ಮ ಎಲ್ಲರ ಹತ್ತಿರ ಹೇಳಿದಳು, ತುಸು ಹೆಚ್ಚೇ ಸಲ ಹೇಳಿದಳು.

ಮರುವರ್ಷ ತವರಿಗೆ ಹೋಗುವ ದಾರಿಯಲ್ಲಿ ಪೀರಮ್ಮ ಸೇಡಂನಲ್ಲಿ ಇಳಿದು ಅಂಗಡಿಗೆ ಬಂದಳು. ಮಾತು, ಚಹಾ ಆಯಿತು. ಗಂಡ ಬಣ್ಣದ ಮಾತು ಎತ್ತುವುದಿಲ್ಲ ಚಾಚಿ, ಅತ್ತೆ ಎತ್ತುತ್ತಾಳೆ, ಅಂದಳು. ಹಸಿರು ಬಳೆ ತೊಟ್ಟುಕೊಂಡಳು. ಇಳಿಯುವ ಮುಂಚೆ ಸೆರಗಿನ ಗಂಟು ಬಿಚ್ಚುತ್ತ, "ಒಂದು ಟ್ಯೂಬು ಕೊಡ್ರಿ," ಅಂದಳು.

ಬಿಬಿಜಾನ್ ಅವಳ ಮುಖ ನೋಡಿದಳು.

"ನನಗಲ್ಲ. ನಾದಿನಿಗೆ. ಹದಿನೇಳು ಅಕಿಗೆ. ನೋಡಲಿಕ್ಕಿ ಬರಾಕತ್ತಾರ."

"ಅಕಿಗೆ ಹೇಳೀ ಏನು? ನೀ ಹೇಳಿದರ ಕೇಳ್ಯಾಳು."

"ಹೇಳೀನಿ. ನನ್ನ ಮಾರೀನೂ ತೋರಿಸೀನಿ." ಪೀರಮ್ಮ ಬಳೆ ಸರಿಪಡಿಸಿಕೊಂಡಳು. "'ಅತ್ತಿಗಿ, ನಿಮಗ ಹಚ್ಚಲಿಕ್ಕಿ ಗೊತ್ತಾಗಲಿಲ್ಲ' ಅಂತಾಳ. ನಾ ತರದಿದ್ದರ ಅಕಿ ಬ್ಯಾರೆ ಯಾರ ಕಡಿಂದರ ತರಸ್ತಾಳ. ಅದಕ್ಕ ನಾನೇ ಒಯ್ತೀನಿ."

ಬಿಬಿಜಾನ್ ಪೆಟ್ಟಿಗೆಯ ಗಾಜು ಸರಿಸಿ ಒಂದು ಟ್ಯೂಬು ತೆಗೆದಳು. ಹೇಳುವ ಮಾತು ನಾಲಿಗೆಯ ತುದಿಗೆ ಬಂತು. ಯಾರಿಗೆ ಹೇಳಬೇಕೆಂದು ತಿಳಿಯದೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಪೀರಮ್ಮ ಅದನ್ನು ಚೀಲದ ಅಡಿಗೆ, ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು, ಬಸ್ಸಿನ ಹೊತ್ತಾಯಿತೆಂದು ಇಳಿದು ಹೋದಳು.